ಕಿಟಕಿ ಪಕ್ಕ ಕೂತ ಅಪ್ಪನ ಫೋಟೋ ಕೆಳಗೆ ಏನು ಬರೆಯುವುದು?

ಅಪ್ಪನನ್ನು ಮೊದಲ ಸಲ ವಿಮಾನ ಹತ್ತಿಸಿದ ಮಕ್ಕಳ ಮೊಬೈಲಿನಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಫೋಟೋಗಳಿರುತ್ತವೆ. ನಿಲ್ದಾಣದ ಬೋರ್ಡಿನ ಮುಂದೆ ಕೈ ಇಳಿಬಿಟ್ಟು ನೆಟ್ಟಗೆ ನಿಂತ ಅಪ್ಪ, ಏಣಿಯ ಬುಡದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಅಪ್ಪ, ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಕೂತ ಅಪ್ಪ. ಕೆಳಗಿನ ಬರಹವೂ ಒಂದೇ: "ಅಪ್ಪನ ಮೊದಲ ವಿಮಾನ ಪ್ರಯಾಣ, ಕನಸು ನನಸಾದ ಕ್ಷಣ." ಪಕ್ಕದಲ್ಲೊಂದು ಕೆಂಪು ಹೃದಯ, ಒಂದು ಪುಟ್ಟ ವಿಮಾನ. ನೋಡಿದವರು ಹೆಬ್ಬೆರಳು ಒತ್ತಿ ಮುಂದಕ್ಕೆ ಹೋಗುತ್ತಾರೆ. ಆ ಅಪ್ಪ ಯಾರು, ಎಂಥವರು ಎನ್ನುವುದು ಯಾರಿಗೂ ತಿಳಿಯುವುದಿಲ್ಲ.

ಕಳೆದ ವರ್ಷ ಅಡಿಕೆ ಕೊಯ್ಲು ಮುಗಿದ ಮೇಲೆ ಸಂತೇಬೆನ್ನೂರಿನ ನಮ್ಮ ಭಾವ ಹೀಗೆ ವಿಮಾನ ಹತ್ತಿದರು. ಹತ್ತಿಸಿದವನು ಬೆಂಗಳೂರಿನಲ್ಲಿರುವ ಅವರ ಮಗ, ನನ್ನ ಅಕ್ಕನ ಮಗ. ಇಳಿದ ಸಂಜೆಯೇ ಫೋನು ಮಾಡಿದ. "ಮಾವ, ನೀವು ಪೇಪರಿಗೆ ಬರೀತೀರಲ್ಲ, ಅಪ್ಪನ ಫೋಟೋಕ್ಕೆ ಒಂದು ಕ್ಯಾಪ್ಷನ್ ಬರ್ದು ಕಳಿಸಿ. ಸ್ವಲ್ಪ ಸೆಂಟಿಮೆಂಟ್ ಇರ್ಲಿ, ಸ್ವಲ್ಪ ನಗುನೂ ಇರ್ಲಿ." ಪೇಪರಿಗೆ ಬರೆಯುವವರ ಪಾಲಿಗೆ ಮದುವೆ ಪತ್ರಿಕೆ, ಶ್ರದ್ಧಾಂಜಲಿ, ಸನ್ಮಾನ ಪತ್ರ ಮುಂತಾದ ಬಿಟ್ಟಿ ಕೆಲಸಗಳು ಬರುವುದು ವಾಡಿಕೆ. ಆ ಪಟ್ಟಿಗೆ ಈಗ ಇದೂ ಸೇರಿದೆ. ಆದರೆ ಎರಡು ಸಾಲಿನ ಈ ಕೆಲಸ ಎರಡು ಪುಟದ ಸನ್ಮಾನ ಪತ್ರಕ್ಕಿಂತ ಕಷ್ಟ. ಸನ್ಮಾನ ಪತ್ರದಲ್ಲಿ ವ್ಯಕ್ತಿ ಕಾಣದಿದ್ದರೂ ನಡೆಯುತ್ತದೆ.

ಅವನು ತಾನೇ ಒಂದು ಬರೆದಿಟ್ಟುಕೊಂಡಿದ್ದ. ಅದೇ "ಕನಸು ನನಸಾದ ಕ್ಷಣ." ಯಾರ ಕನಸು ಎಂದು ಕೇಳಿದೆ. ಭಾವನವರನ್ನು ನಾನು ಅಕ್ಕನ ಮದುವೆಯಿಂದ ಬಲ್ಲೆ. ಬೋರ್‌ವೆಲ್ಲಿಗೆ ನೀರು ಬೀಳಬೇಕು, ರಾಶಿ ಅಡಿಕೆಗೆ ರೇಟು ನಿಲ್ಲಬೇಕು, ಕೊಳೆರೋಗ ತೋಟದ ಕಡೆ ತಿರುಗಿ ನೋಡಬಾರದು. ಕನಸು ಎಂದು ಕರೆಯಬಹುದಾದ ಅವರ ಆಸೆಗಳು ಇಷ್ಟೇ. ವಿಮಾನದ ಕನಸು ಮಗನದು. ಕೆಲಸ ಸಿಕ್ಕಿದ ದಿನದಿಂದ ಅಪ್ಪನನ್ನು ಒಂದು ಸಲ ಹಾರಿಸಬೇಕು ಎಂದು ಅಂದುಕೊಂಡವನು ಅವನು. ಆ ಕನಸು ಒಳ್ಳೆಯದೇ. ಅದನ್ನು ಅಪ್ಪನ ತಲೆಗೆ ಕಟ್ಟಬಾರದು, ಅಷ್ಟೇ.

ಇನ್ನೊಂದು ಸಿದ್ಧ ಸಾಲು ಅವನ ಗೆಳೆಯರದು: ಹವಾಯಿ ಚಪ್ಪಲಿ ಹಾಕಿದವರೂ ವಿಮಾನ ಹತ್ತುವ ಕಾಲ ಬಂತು ಎಂಬುದು. ಅದು 2017ರಲ್ಲಿ ಉಡಾನ್ ಯೋಜನೆಯ ವಿಮಾನಕ್ಕೆ ಚಾಲನೆ ಕೊಡುವಾಗ ಪ್ರಧಾನಿಯವರು ಹೇಳಿ ಪ್ರಸಿದ್ಧವಾದ ಮಾತು. ಸಭೆಯ ಮಾತಾಗಿ ಅದು ಸರಿ. ನಿಮ್ಮಪ್ಪನ ಫೋಟೋದ ಕೆಳಗೆ ಹಾಕಿದರೆ ಅಪ್ಪ ಒಬ್ಬ ಫಲಾನುಭವಿಯಾಗಿ ಬಿಡುತ್ತಾರೆ. ಅಲ್ಲದೆ ಭಾವ ಅಂದು ಹಾಕಿದ್ದು ಹೊಚ್ಚ ಹೊಸ ಚರ್ಮದ ಚಪ್ಪಲಿ. ಅದು ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು.

ಹಾಗಾದರೆ ಏನು ಬರೆಯುವುದು? ಕ್ಯಾಮೆರಾಕ್ಕೆ ಕಿವಿ ಇಲ್ಲ. ಕಿಟಕಿ, ಬೆಲ್ಟು, ಬಿಳಿ ಅಂಗಿ, ಹೆಗಲ ಮೇಲಿನ ಟವೆಲು ಎಲ್ಲವನ್ನೂ ಅದು ಆಗಲೇ ಹೇಳಿರುತ್ತದೆ. ಆ ಹೊತ್ತಿನಲ್ಲಿ ಅಪ್ಪ ಏನೆಂದರು, ಹಿಂದಿನ ನಿಮಿಷ ಏನು ಮಾಡಿದರು, ಏನನ್ನು ನೋಡುತ್ತಿದ್ದರು ಎನ್ನುವುದನ್ನು ಮಾತ್ರ ಅದಕ್ಕೆ ಹೇಳಲು ಬರುವುದಿಲ್ಲ. ಅಡಿಬರಹ ಹೇಳಬೇಕಾದದ್ದು ಅದನ್ನೇ. ಹಾಗಾಗಿ ಅಳಿಯನಿಗೆ ಫೋಟೋ ಆಮೇಲೆ ಕಳಿಸು, ಮೊದಲು ನಡೆದದ್ದನ್ನು ಹೇಳು ಎಂದೆ. ಹೊಗಳಿಕೆ ಬೇಡ, ಅಪ್ಪನ ಮಾತು ಬೇಕು, ಅವರು ಆಡಿದ ಹಾಗೆಯೇ ಬೇಕು ಎಂದೆ.

ಬೆಳಿಗ್ಗೆ ಹೊರಟರಂತೆ. ಸಂತೇಬೆನ್ನೂರಿನಿಂದ ಚನ್ನಗಿರಿ, ಅಲ್ಲಿಂದ ಶಿವಮೊಗ್ಗ, ಊರು ದಾಟಿ ಸೋಗಾನೆ. ಅಲ್ಲಿನ ನಿಲ್ದಾಣಕ್ಕೆ ಕುವೆಂಪು ಅವರ ಹೆಸರಿದೆ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು, ಆಗಸ್ಟ್ ಕೊನೆಯ ದಿನ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಕಟ್ಟಡ ತಾವರೆಯ ಆಕಾರದ್ದು. ಅದರ ಮುಂದೆ ಭಾವ ನಿಂತ ಭಂಗಿ ನನಗೆ ಹೊಸದಲ್ಲ. ಮದುವೆಯಾದ ಹೊಸದರಲ್ಲಿ ಊರಿನ ಪುಷ್ಕರಣಿಯ ಮುಂದೆ, ನೀರಿನ ನಡುವಿನ ಮಂಟಪ ಹಿಂದೆ ಕಾಣುವ ಹಾಗೆ ಅಕ್ಕನ ಪಕ್ಕದಲ್ಲಿ ನಿಂತಿದ್ದೂ ಹೀಗೆಯೇ, ಸರ್ವೆಯವರು ನೆಟ್ಟ ಕಲ್ಲಿನಂತೆ.

ಒಳಗೆ ತಪಾಸಣೆಯಲ್ಲಿ ಅವರ ಕೈಚೀಲ ಪಕ್ಕಕ್ಕೆ ಸರಿಯಿತು. ಅದರಲ್ಲಿದ್ದದ್ದು ಅಡಕತ್ತರಿ. ಅಂಥ ಹರಿತವಾದ ಸಾಧನ ಕೈಚೀಲದಲ್ಲಿ ಹೋಗುವಂತಿಲ್ಲ. ಕೌಂಟರಿನಲ್ಲಿ ಕೊಟ್ಟು ಕಳಿಸುವ ದೊಡ್ಡ ಬ್ಯಾಗಿಗೆ ಮೊದಲೇ ಹಾಕಿದ್ದರೆ ತೊಂದರೆ ಇರಲಿಲ್ಲ. ಅಡಿಕೆ ಹೋಗಬಹುದು, ಕತ್ತರಿ ಹೋಗುವಂತಿಲ್ಲ ಎಂದು ತಪಾಸಣೆಯವರು ವಿನಯದಿಂದಲೇ ಹೇಳಿದರಂತೆ. ಭಾವ ಕೇಳಿದರು: "ಅಡಿಕೆ ಬಿಡ್ತೀರಿ, ಕತ್ರಿ ಬಿಡಲ್ಲ. ಅಂದ್ರೆ ಹಲ್ಲಿಲ್ದೋರು ವಿಮಾನ ಹತ್ತಬಾರ್ದು ಅಂತಲಾ?" ತಪಾಸಣೆಯವರು ನಕ್ಕರು. ಕತ್ತರಿ ಮಾತ್ರ ಅಲ್ಲೇ ಉಳಿಯಿತು.

ಬೋರ್ಡಿಂಗ್ ಪಾಸಿನಲ್ಲಿ ಇನ್ನೊಂದು ತಮಾಷೆ. ನಮ್ಮ ಕಡೆಯ ಹಿರಿಯರಿಗೆ ಮನೆತನದ ಹೆಸರು ಇರುವುದು ಕಡಿಮೆ. ಊರಿನದೊಂದು, ತಂದೆಯದೊಂದು ಇನಿಷಿಯಲ್, ಆಮೇಲೆ ಹೆಸರು. ಟಿಕೆಟ್ ಮಾಡುವ ತಾಣ 'ಲಾಸ್ಟ್ ನೇಮ್' ತುಂಬದೆ ಮುಂದಕ್ಕೆ ಬಿಡುವುದಿಲ್ಲ. ಗುರುತಿನ ಚೀಟಿಯಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದರಿಂದ ಮಗ ಊರಿನ ಹೆಸರನ್ನೇ ಆ ಖಾನೆಗೆ ತುಂಬಿದ. ಹೀಗಾಗಿ ಸೀಟಿನ ಬಳಿ ಬಂದ ಗಗನಸಖಿ "ವೆಲ್‌ಕಮ್, ಮಿಸ್ಟರ್ ಸಂತೇಬೆನ್ನೂರ್" ಎಂದಳು. ಭಾವ ಮಗನ ಕಡೆ ವಾಲಿ "ಈ ಹುಡ್ಗಿಗೆ ನಮ್ಮೂರು ಹೆಂಗೆ ಗೊತ್ತು? ಚನ್ನಗಿರಿ ಕಡೇಳಾ?" ಎಂದು ಕೇಳಿದರು. ಮಗ ವಿವರಿಸಲು ಹೋಗಲಿಲ್ಲ. ಒಳ್ಳೆಯ ಹುಡುಗ.

ಅದು ಎಟಿಆರ್ ವಿಮಾನ, ರೆಕ್ಕೆಗೊಂದು ದೊಡ್ಡ ಫ್ಯಾನು ತಿರುಗುವಂಥದ್ದು. "ಔಷಧಿ ಹೊಡಿಯೋ ಡ್ರೋನ್ ಐತಲ್ಲ, ಅದರ ದೊಡ್ಡಪ್ಪ ಇದು" ಎಂಬುದು ಭಾವನವರ ವಿವರಣೆ. ಈ ವಿಮಾನದ ಒಂದು ಗುಣ ನಮ್ಮ ಕಥೆಗೆ ಮುಖ್ಯ. ಇದರ ರೆಕ್ಕೆ ಇರುವುದು ಕಿಟಕಿಗಳ ಮೇಲೆ, ಒಡಲಿನ ನೆತ್ತಿಗೆ ಕೂಡಿಸಿದಂತೆ. ದೊಡ್ಡ ಜೆಟ್ ವಿಮಾನಗಳಲ್ಲಿ ಮಧ್ಯದ ಸಾಲುಗಳಲ್ಲಿ ಕೂತವರಿಗೆ ಕೆಳಗೆ ನೋಡಿದರೆ ರೆಕ್ಕೆಯೇ ಕಾಣುತ್ತದೆ. ಎಟಿಆರ್‌ನಲ್ಲಿ ಬಹುಪಾಲು ಕಿಟಕಿಗಳಿಂದ ನೆಲ ಸಲೀಸಾಗಿ ಕಾಣುತ್ತದೆ. ಹಾರುವ ಎತ್ತರವೂ ಜೆಟ್‌ಗಿಂತ ಕಡಿಮೆ. ನೆಲದ ಮೇಲೇ ಬದುಕು ಕಳೆದ ಮನುಷ್ಯನನ್ನು ಮೊದಲ ಸಲ ಮೇಲೆ ಕರೆದೊಯ್ಯಲು ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ.

ಏರಿದ ಕೂಡಲೇ ಭಾವ ಕೇಳಿದ್ದು ಸಂತೇಬೆನ್ನೂರು ಎಲ್ಲಿ ಎಂದು. ಕಾಣಲಿಲ್ಲ. ಸೋಗಾನೆಗೆ ಸಂತೇಬೆನ್ನೂರು ಈಶಾನ್ಯದಲ್ಲಿದೆ, ಬೆಂಗಳೂರು ಆಗ್ನೇಯಕ್ಕಿದೆ, ವಿಮಾನ ಊರಿನ ಕಡೆ ಹೋಗುವುದಿಲ್ಲ. ಆದ್ದರಿಂದ "ಆಕಾಶದಿಂದ ಅಪ್ಪ ತನ್ನೂರನ್ನು ಕಂಡಾಗ" ಎಂಬ ಸಾಲನ್ನು ಅಳಿಯ ಎಷ್ಟೇ ಆಸೆಪಟ್ಟರೂ ನಾನು ಬಿಡಲಿಲ್ಲ. ಕಂಡದ್ದು ಭದ್ರಾವತಿ ಸೀಮೆಯ ಹಸಿರು. ಬೇಸಿಗೆ ಬೆಳೆಗೆ ನಾಲೆಯಲ್ಲಿ ನೀರು ಬಿಟ್ಟಿದ್ದ ಕಾಲ. ಮೋಡದ ತುಣುಕುಗಳು ಬಂದಾಗ ಮಗ ಮೊಬೈಲು ಎತ್ತಿ "ಅಪ್ಪಾ, ಮೋಡ ನೋಡಪ್ಪಾ" ಎಂದನಂತೆ. ಭಾವ ಒಂದು ಸಲ ನೋಡಿದರು. ಆಮೇಲೆ ಹಣೆಯನ್ನು ಗಾಜಿಗೆ ಒತ್ತಿ ಕೆಳಗೇ ನೋಡುತ್ತ ಕೂತರು. ಯಾರ ತೋಟಕ್ಕೆ ನೀರು ಹಾಯ್ದಿದೆ, ಯಾವ ಗದ್ದೆ ಇನ್ನೂ ಒಣಗಿದೆ, ನಾಲೆ ಎಲ್ಲಿ ತಿರುಗುತ್ತದೆ ಎಂದು ಒಂದೊಂದೇ ಹೇಳುತ್ತಿದ್ದರಂತೆ. ಮಗ ಆಗ ತೆಗೆದ ಫೋಟೋದಲ್ಲಿ ಅವರ ಮುಖ ಕಾಣುವುದಿಲ್ಲ. ನರೆತ ಹಿಂದಲೆ, ಒಂದು ಕಿವಿ, ಕಾಲರಿನ ಒಳಗೆ ಮಡಿಸಿಟ್ಟ ಕರವಸ್ತ್ರ, ಆಚೆ ಬೆಳಕು. ಅವನು ಕಳಿಸಿದ್ದರಲ್ಲಿ ಇದು ಕೊನೆಯದು. "ಇದು ಸರಿ ಬಂದಿಲ್ಲ ಮಾವ" ಎಂದು ಬರೆದಿದ್ದ. ನಾನು ಆರಿಸಿದ್ದು ಅದನ್ನೇ. ಮಿಕ್ಕ ಫೋಟೋಗಳಲ್ಲಿ ಭಾವ ಮಗನಿಗಾಗಿ ನಿಂತಿದ್ದಾರೆ, ಇದೊಂದರಲ್ಲಿ ತಮ್ಮ ಪಾಡಿಗೆ ತಾವಿದ್ದಾರೆ.

ಬೆಂಗಳೂರಿನಲ್ಲಿ ಇಳಿದ ಮೇಲಿನ ಮಾತನ್ನೂ ಹೇಳಬೇಕು. ಮನೆಯಿಂದ ಸೋಗಾನೆಗೆ ಎರಡು ಗಂಟೆಯ ಹಾದಿ. ಕೌಂಟರು ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಅದಕ್ಕೂ ಮುಂಚೆ ಹೋಗಿ ಕೂತಿದ್ದಾಯಿತು. ಹಾರಾಟ ಒಂದು ಗಂಟೆ ಚಿಲ್ಲರೆ. ದೇವನಹಳ್ಳಿ ಕಡೆಯಿಂದ ಊರಿನ ದಕ್ಷಿಣದಲ್ಲಿರುವ ಮಗನ ಮನೆಗೆ ಟ್ರಾಫಿಕ್ಕಿನಲ್ಲಿ ಮತ್ತೆರಡು ಗಂಟೆ. ಟ್ಯಾಕ್ಸಿಯಲ್ಲಿ ಬೆರಳು ಮಡಿಸಿ ಲೆಕ್ಕ ಹಾಕಿದ ಭಾವ "ಬಸ್ಸಿಗೆ ಹತ್ತಿದ್ರೆ ಇಷ್ಟೊತ್ತಿಗೆ ಮನ್ಯಾಗೆ ಕಾಫಿ ಕುಡಿದು ಮುಗಿಸಿರ್ತಿದ್ದೆ" ಎಂದರು. ಲೆಕ್ಕ ಸರಿಯೇ ಇದೆ, ಸಂತೇಬೆನ್ನೂರಿನಿಂದ ಬಸ್ಸು ಐದಾರು ಗಂಟೆಯಲ್ಲಿ ತಲುಪಿಸುತ್ತದೆ.

ಇಷ್ಟು ಸಾಮಗ್ರಿ ಕೈಯಲ್ಲಿದ್ದರೆ ಬರೆಯುವುದು ಸುಲಭ ಎನಿಸುತ್ತದೆ. ಜಾರುವುದೂ ಇಲ್ಲೇ. ಅಳಿಯ ಅರ್ಧ ಗಂಟೆಯಲ್ಲಿ ಹೊಸದೊಂದು ಕಳಿಸಿದ: "ಏರ್‌ಹೋಸ್ಟೆಸ್ ಚನ್ನಗಿರಿಯವಳು ಅಂದ್ಕೊಂಡ ನಮ್ಮಪ್ಪ 😂😂." ನಡೆದದ್ದೇ, ಸುಳ್ಳೇನಲ್ಲ. ಆದರೆ ಇದನ್ನು ಓದಿದವನು ನಗುವುದು ಅಪ್ಪನಿಗೆ ಗೊತ್ತಿಲ್ಲದ ಒಂದು ಸಂಗತಿ ತನಗೆ ಗೊತ್ತಿದೆ ಎಂಬ ಕಾರಣಕ್ಕೆ. ನಗುವವರು ಮೇಲೆ, ಅಪ್ಪ ಕೆಳಗೆ. ಅಡಕತ್ತರಿಯ ಮಾತಿಗೆ ಬರುವ ನಗು ಬೇರೆ ಥರದ್ದು. ಅಲ್ಲಿ ಗೆದ್ದವರು ಅಪ್ಪ, ನಿಯಮದ ಪುಸ್ತಕಕ್ಕೆ ಉತ್ತರ ಹೊಳೆಯಲಿಲ್ಲ. ಬಸ್ಸಿನ ಲೆಕ್ಕದಲ್ಲಿ ಸಿಕ್ಕಿಬಿದ್ದವನು ದುಡ್ಡು ಕೊಟ್ಟು ಟಿಕೆಟ್ ಮಾಡಿಸಿದ ಮಗ. ಕಕ್ಕುಲಾತಿಯ ನಗುವಿಗೂ ಗೇಲಿಗೂ ಇರುವ ಗೆರೆ ಇದು: ಆ ಸಾಲಿನಲ್ಲಿ ಪೆಚ್ಚಾದವರು ಯಾರು ಎಂದು ನೋಡಿಕೊಂಡರೆ ಸಾಕು.

ಈ ವಿದ್ಯೆಯಲ್ಲಿ ನಮ್ಮವರೇ ಒಬ್ಬ ಗುರುಗಳಿದ್ದರು. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ 1951ರಿಂದ ದಶಕಗಟ್ಟಲೆ ಪತ್ರಿಕೆಯ ಮುಖಪುಟದ ಪುಟ್ಟ ಚೌಕದಲ್ಲಿ ಒಬ್ಬ ಶ್ರೀಸಾಮಾನ್ಯನನ್ನು ನಿಲ್ಲಿಸಿದರು. ಧೋತ್ರ, ಚೌಕಳಿ ಕೋಟು, ಗುಂಡು ಕನ್ನಡಕ. ಆತ ಒಂದು ಮಾತೂ ಆಡುವುದಿಲ್ಲ. ಚಿತ್ರದ ಕೆಳಗಿನ ಸಾಲು ಯಾವಾಗಲೂ ಬೇರೆಯವರ ಬಾಯಿಂದ ಬರುತ್ತದೆ, ಮಂತ್ರಿಯೋ ಅಧಿಕಾರಿಯೋ ಏನೋ ದೊಡ್ಡದಾಗಿ ಹೇಳಿ ತಾವೇ ಬಯಲಾಗುತ್ತಾರೆ. ಮುದುಕ ಸುಮ್ಮನೆ ನೋಡುತ್ತಾನೆ, ಹಾಗಾಗಿಯೇ ಅವನ ಮರ್ಯಾದೆ ಎಂದೂ ಹೋಗಲಿಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಏರ್ ಡೆಕ್ಕನ್ ವಿಮಾನ ಹಾರಿಸಿ, ಅಗ್ಗದ ದರದಲ್ಲಿ ಸಾಮಾನ್ಯರನ್ನು ವಿಮಾನ ಹತ್ತಿಸಲು ಹೊರಟಾಗ ತಮ್ಮ ಸಂಸ್ಥೆಯ ಗುರುತಾಗಿ ಆರಿಸಿಕೊಂಡದ್ದು ಇದೇ ಮುದುಕನನ್ನು. ಆಗ ಹಾರುತ್ತಿದ್ದದ್ದೂ ಫ್ಯಾನು ತಿರುಗುವ ಎಟಿಆರ್ ವಿಮಾನಗಳೇ. ಅಂದಿನಿಂದ ನಮ್ಮ ನಾಡಿನಲ್ಲಿ ಎಷ್ಟೋ ಅಪ್ಪಂದಿರು ಮೊದಲ ಸಲ ಹಾರಿದರು. ಅವರ ಫೋಟೋಗಳು ಆಲ್ಬಮ್ಮಿನಲ್ಲಿ ಅಂಟಿ ಕೂತವು, ಕೆಳಗೆ ಏನು ಬರೆಯಬೇಕೆಂಬ ತಲೆಬಿಸಿ ಯಾರಿಗೂ ಇರಲಿಲ್ಲ. ಬಂದವರಿಗೆ ಅಮ್ಮ ಪುಟ ತಿರುಗಿಸುತ್ತ ಬಾಯಲ್ಲೇ ಹೇಳುತ್ತಿದ್ದಳು.

ಈಗ ಕಟ್ಟುವ ಕೆಲಸ. ಸಾಮಗ್ರಿ ಚೆನ್ನಾಗಿದ್ದಾಗ ಎಲ್ಲವನ್ನೂ ತುರುಕುವ ಆಸೆಯಾಗುತ್ತದೆ. ಒಂದು ಫೋಟೋಕ್ಕೆ ಒಂದು ಸಂಗತಿ ಸಾಕು, ಅದೂ ಆ ಫೋಟೋದ ಹೊತ್ತಿನದೇ ಆಗಿರಬೇಕು. ಕಿಟಕಿಯ ಫೋಟೋದ ಕೆಳಗೆ ಅಡಕತ್ತರಿ ಬಂದರೆ ಕಣ್ಣು ಅಡಕತ್ತರಿಯನ್ನು ಹುಡುಕುತ್ತದೆ. ಕತ್ತರಿಯ ಮಾತು ನಿಲ್ದಾಣದ ಮುಂದೆ ನಿಂತ ಫೋಟೋಕ್ಕೆ ಹೋಗಲಿ ಎಂದು ಎತ್ತಿಟ್ಟೆ. ಕಿಟಕಿಗೆ ಮೊದಲು ಬರೆದದ್ದು ಹೀಗಿತ್ತು:

"ಜೀವನದಲ್ಲಿ ಮೊದಲ ಬಾರಿಗೆ ವಿಮಾನ ಹತ್ತಿದ ನಮ್ಮ ಹೆಮ್ಮೆಯ ಅಪ್ಪ, ಮೋಡಗಳ ಸೌಂದರ್ಯಕ್ಕಿಂತ ಕೆಳಗಿನ ತೋಟಗಳನ್ನೇ ಹೆಚ್ಚು ನೋಡುತ್ತಿದ್ದರು, ಏಕೆಂದರೆ ರೈತನಿಗೆ ಭೂಮಿಯೇ ತಾಯಿ."

ಕೊನೆಯ ತುಂಡನ್ನು ಮೊದಲು ಕಿತ್ತೆ. ತೋಟ ನೋಡಿದರು ಎಂದ ಮೇಲೆ ಏಕೆ ನೋಡಿದರು ಎನ್ನುವುದನ್ನು ಓದುವವರಿಗೆ ಬಿಡಬೇಕು. 'ಹೆಮ್ಮೆಯ' ಹೋಯಿತು, ಅದು ಫ್ಲೆಕ್ಸ್ ಬೋರ್ಡಿನ ಸೊತ್ತು. 'ಸೌಂದರ್ಯ' ಹೋಯಿತು. 'ಜೀವನದಲ್ಲಿ ಮೊದಲ ಬಾರಿಗೆ' ಎಂಬುದನ್ನು ಮಾತ್ರ ತೆಗೆಯಲು ಹಿಂಜರಿದೆ, ಅದಿಲ್ಲದಿದ್ದರೆ ಇದು ಮೊದಲ ಪ್ರಯಾಣ ಎಂದು ತಿಳಿಯುವುದು ಹೇಗೆ? ಕೊನೆಗೆ ಅದನ್ನು 'ಮೊದಲ ವಿಮಾನ' ಎಂದು ಎರಡೇ ಪದಕ್ಕೆ ಇಳಿಸಿದೆ. 'ಕೆಳಗಿನ ತೋಟಗಳು' ಎನ್ನುವುದು ಮಸುಕು. ಅವರು ನೋಡಿದ್ದು ಬರೀ ತೋಟವನ್ನಲ್ಲ, ನೀರನ್ನು. ಉಳಿದದ್ದು:

"ಅಪ್ಪನ ಮೊದಲ ವಿಮಾನ. ಮೋಡ ನೋಡಿದ್ದು ಒಂದು ನಿಮಿಷ. ಯಾರ ತೋಟಕ್ಕೆ ನೀರು ಹಾಯ್ದಿದೆ ಅಂತ ನೋಡಿದ್ದು ಬೆಂಗಳೂರು ಬರೋವರೆಗೂ."

ಇದರಲ್ಲಿ ಪ್ರೀತಿ ಎಂಬ ಪದವಿಲ್ಲ, ನಗುವ ಮುಖದ ಗುರುತೂ ಇಲ್ಲ. 'ಬೆಂಗಳೂರು ಬರೋವರೆಗೂ' ಕೊನೆಗೆ ಬಂದದ್ದು ಬೇಕೆಂದೇ. ನಗು ಇರುವುದು ಅಲ್ಲಿ, ಅದರ ಆಚೆಗೆ ಒಂದು ಪದ ಹೆಚ್ಚಾದರೂ ಇಳಿದುಬಿಡುತ್ತದೆ. ಅಳಿಯ "ನಮ್ಮಪ್ಪ ಗ್ರೇಟ್" ಎಂದು ಸೇರಿಸಲಾ ಎಂದ. ಬೇಡ ಎಂದೆ.

ಅಪ್ಪನ ಮಾತನ್ನು ಬರೆಯುವವರು ಒಂದು ಎಚ್ಚರ ವಹಿಸಬೇಕು. ಮಗ ತನ್ನ ಮಾತನ್ನು ಅಚ್ಚುಕಟ್ಟಾಗಿ ಬರೆದು, ಅಪ್ಪನ ಮಾತನ್ನು ಮಾತ್ರ "ಐತೆ, ಮನ್ಯಾಗೆ" ಎಂದು ಉಚ್ಚಾರಕ್ಕೆ ತಕ್ಕಂತೆ ಬರೆದರೆ, ಓದುವವರ ಕಣ್ಣಿಗೆ ಒಬ್ಬರು ಕಲಿತವರಾಗಿಯೂ ಇನ್ನೊಬ್ಬರು ಹಳ್ಳಿಗಮಾರರಾಗಿಯೂ ಕಾಣುತ್ತಾರೆ. ಮನೆಯಲ್ಲಿ ಇಬ್ಬರೂ ಆಡುವುದು ಒಂದೇ ನುಡಿ. ಬರೆದರೆ ಇಬ್ಬರದನ್ನೂ ಹಾಗೆ ಬರೆಯಬೇಕು, ಇಲ್ಲವೇ ಇಬ್ಬರದನ್ನೂ ಬಿಡಬೇಕು. ಅದಕ್ಕೇ ಕಿಟಕಿಯ ಸಾಲಿನಲ್ಲಿ ಅಪ್ಪನ ಮಾತಿನ ಬದಲು ಅಪ್ಪ ಮಾಡಿದ್ದನ್ನು ಇಟ್ಟೆ, 'ಅಂತ', 'ಬರೋವರೆಗೂ' ಎಂದು ಮಗನೇ ಆಡುಮಾತಿಗೆ ಇಳಿದ.

ಇನ್ನೊಂದು ಫೋಟೋವನ್ನು ಹಾಕಲೇಬೇಡ ಎಂದೆ. ಬೋರ್ಡಿಂಗ್ ಪಾಸನ್ನು ಎದೆಯ ಹತ್ತಿರ ಹಿಡಿದು ಭಾವ ನಿಂತದ್ದು. ನೋಡಲು ಚೆಂದ, ಆದರೆ ಆ ಚೀಟಿಯಲ್ಲಿ ಹೆಸರಿನ ಜೊತೆ ಆರು ಅಕ್ಷರ-ಅಂಕಿಗಳ ಬುಕಿಂಗ್ ಸಂಖ್ಯೆ ಇರುತ್ತದೆ. ಅದೂ ಕೊನೆಯ ಹೆಸರೂ ಗೊತ್ತಿದ್ದರೆ ಎಷ್ಟೋ ಸಂಸ್ಥೆಗಳ ಜಾಲತಾಣದಲ್ಲಿ ಆ ಬುಕಿಂಗನ್ನು ಯಾರು ಬೇಕಾದರೂ ತೆರೆಯಬಹುದು. ವಾಪಸು ಟಿಕೆಟ್ ಅದೇ ಬುಕಿಂಗಿನಲ್ಲಿದ್ದರೆ ಅದನ್ನೂ ಮುಟ್ಟಬಹುದು. ಸಂಖ್ಯೆಯ ಮೇಲೆ ಬೆರಳಿಟ್ಟು ಮುಚ್ಚಿದರೂ ಸಾಲದು, ಪಕ್ಕದ ಚೌಕಳಿ ಕೋಡಿನೊಳಗೆ ಅದೇ ವಿವರ ಅಡಗಿರುತ್ತದೆ, ಮೊಬೈಲಿನಿಂದಲೇ ಓದಬಹುದು. ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಟೋನಿ ಅಬಟ್ 2020ರಲ್ಲಿ ಹೀಗೆ ಬೋರ್ಡಿಂಗ್ ಪಾಸಿನ ಫೋಟೋ ಹಾಕಿದ್ದರು. ಒಬ್ಬ ಕುತೂಹಲಿ ಅದರ ಜಾಡು ಹಿಡಿದು ಅವರ ಪಾಸ್‌ಪೋರ್ಟ್ ಸಂಖ್ಯೆಯನ್ನೂ ಫೋನ್ ನಂಬರನ್ನೂ ಕಂಡುಹಿಡಿದ. ಆತ ಒಳ್ಳೆಯವನು, ಸಂಬಂಧಪಟ್ಟವರಿಗೇ ತಿಳಿಸಿದ. ಭಾವನ ಚೀಟಿಯಲ್ಲಂತೂ ಕೊನೆಯ ಹೆಸರು ಊರಿನದೇ, ಊಹಿಸುವ ಕಷ್ಟವೂ ಇಲ್ಲ.

ಹಾಕುವ ಮುಂಚೆ ಆ ಸಾಲನ್ನು ಅಪ್ಪನ ಮುಂದೆ ಗಟ್ಟಿಯಾಗಿ ಓದು ಎಂದಿದ್ದೆ. ಸ್ಟೇಟಸ್ಸು ಒಂದು ದಿನಕ್ಕೆ ಅಳಿಯುತ್ತದೆ, ಆದರೆ ಸ್ಕ್ರೀನ್‌ಶಾಟು ಊರಿನ ಗ್ರೂಪಿಗೆ ಹೋದ ಮೇಲೆ ಅಳಿಯುವುದಿಲ್ಲ. ಸಂಜೆ ಹೊಂಡದ ಕಟ್ಟೆಯ ಮೇಲೆ ಕೂರುವ ಗೆಳೆಯರ ಎದುರು ಅಪ್ಪನಿಗೆ ಮುಜುಗರವಾಗುವಂಥದ್ದಿದ್ದರೆ ಮೊದಲೇ ತಿಳಿಯಲಿ. ಭಾವ ಕೇಳಿಸಿಕೊಂಡು, ತಪ್ಪಿದೆ ಎಂದರಂತೆ. "ಬೆಂಗ್ಳೂರು ಬರೋವರೆಗೂ ಎಲ್ಲಿ ನೋಡ್ದೆ? ಆಮೇಲೆ ಬರೀ ಒಣಭೂಮಿ. ಅರಸೀಕೆರೆ ಸೀಮೆ ಇರ್ಬೇಕು, ಅಲ್ಲಿ ಏನೈತೆ ನೋಡಾಕೆ? ಅಷ್ಟೊತ್ತಿಗೆ ನಂಗೆ ನಿದ್ದೆ ಬಂದಿತ್ತು." ಮೊದಲ ವಿಮಾನದಲ್ಲಿ ನಿದ್ದೆ ಹೋದವರು! ನಾನು ಕಟ್ಟಿದ ಸಾಲಿನ ನಗುವೆಲ್ಲ ಇದರ ಮುಂದೆ ಸಪ್ಪೆ. ತಿದ್ದಿದೆವು:

"ಅಪ್ಪನ ಮೊದಲ ವಿಮಾನ. ಮೋಡ ನೋಡಿದ್ದು ಒಂದು ನಿಮಿಷ. ಯಾರ ತೋಟಕ್ಕೆ ನೀರು ಹಾಯ್ದಿದೆ ಅಂತ ನೋಡಿದ್ದು ನಾಲೆ ಮುಗಿಯೋವರೆಗೂ. ಆಮೇಲೆ ನಿದ್ದೆ."

ರಾತ್ರಿ ಅಳಿಯ ಅದನ್ನು ಹಾಕಿದ. ಬೆಂಗಳೂರಿನ ಗೆಳೆಯರು ಹೃದಯ ಒತ್ತಿದರು. ಊರಿನವರ ಉತ್ತರಗಳು ಬೇರೆಯೇ ಇದ್ದವು. ವಿಮಾನದ ಸುದ್ದಿ ಒಬ್ಬರೂ ಕೇಳಿರಲಿಲ್ಲ. "ನೀರು ಎಲ್ಲಿವರೆಗೆ ಬಂದಿತ್ತಂತೆ?", "ನಾಲೆ ತುಂಬ ಇತ್ತಾ ಅರ್ಧನಾ, ಅಪ್ಪಾರನ್ನ ಕೇಳು", "ಕೊನೆ ಭಾಗಕ್ಕೆ ಯಾವಾಗ ಮುಟ್ಟುತ್ತಂತೆ?" ಎಂದು ಒಂದರ ಹಿಂದೊಂದು. ಭಾವ ಮಗನ ಮೊಬೈಲು ಇಸಕೊಂಡು, ಬಾಯ ಹತ್ತಿರ ಹಿಡಿದು, ಎಲ್ಲರಿಗೂ ಬೇರೆಬೇರೆಯಾಗಿ ವಾಯ್ಸ್ ಮೆಸೇಜು ಕಳಿಸುತ್ತ ಹನ್ನೊಂದು ಗಂಟೆಯವರೆಗೆ ಕೂತಿದ್ದರಂತೆ.